√2 ಅಭಾಗಲಬ್ಧ: ವೈರುಧ್ಯದಿಂದ ಸಾಧನೆ

577/408 ಎಂಬ ಭಿನ್ನರಾಶಿ ನೋಡಿ. 577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ಬರೀ ಒಂದರ ವ್ಯತ್ಯಾಸ! ಯಜ್ಞವೇದಿಕೆಗಳ ಅಳತೆ ಹೇಳುವ ಪ್ರಾಚೀನ ಗ್ರಂಥ ಬೌಧಾಯನ ಶುಲ್ಬಸೂತ್ರ ಕೊಡುವ √2ರ ಬೆಲೆ 1 + 1/3 + 1/(3·4) − 1/(3·4·34). ಲೆಕ್ಕ ಮಾಡಿದರೆ ಬರುವುದು ಇದೇ 577/408. ವೇದಿಕೆ ಅಳೆಯಲು ಇಷ್ಟು ಧಾರಾಳವಾಗಿ ಸಾಕು. ಆದರೆ ಆ ಒಂದರ ವ್ಯತ್ಯಾಸವೂ ಉಳಿಯದ ಭಿನ್ನರಾಶಿ ಎಲ್ಲಾದರೂ ಇದೆಯೇ?

ಕ್ಯಾಲ್ಕುಲೇಟರ್ 1.414213562 ಎಂದು ತೋರಿಸುತ್ತದೆ. ಅದರ ಕೊನೆಯ ಅಂಕಿ 2. ವರ್ಗ ಮಾಡಿದರೆ ಕೊನೆಗೆ 4 ಬರಲೇಬೇಕು, ಹಾಗಾಗಿ ಅದು ಸರಿಯಾಗಿ 2 ಆಗುವುದಿಲ್ಲ. ಆದರೆ ಇದರಿಂದ ಅಂತ್ಯವಾಗುವ ದಶಮಾಂಶಗಳನ್ನಷ್ಟೇ ತಳ್ಳಿಹಾಕಬಹುದು. 1/7ರಂತೆ ಅಂಕಿಗಳು ಆವರ್ತವಾಗುವ ಸಂಖ್ಯೆಗಳು ಹಾಗೇ ಉಳಿಯುತ್ತವೆ. ಭಿನ್ನರಾಶಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದರೆ ಮುಗಿಯುವ ಮಾತಲ್ಲ. ಅದಕ್ಕೇ ಉಲ್ಟಾ ದಾರಿ: ಅಂಥದ್ದೊಂದು ಇದೆ ಎಂದು ಒಪ್ಪಿಕೊಂಡು, ಆ ಒಪ್ಪಿಗೆ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ನೋಡುವುದು.

ಮೊದಲು ಒಂದು ಸಣ್ಣ ಸಂಗತಿ ಬೇಕು: p² ಸಮ ಸಂಖ್ಯೆಯಾದರೆ p ಕೂಡ ಸಮ. p ಬೆಸವಾಗಿದ್ದರೆ p = 2k + 1. ಆಗ

p² = 4k² + 4k + 1 = 2(2k² + 2k) + 1

ಇದು ಬೆಸ. ಬೆಸದ ವರ್ಗ ಬೆಸವೇ ಆಗುವುದರಿಂದ, ವರ್ಗ ಸಮವಾಗಿದ್ದರೆ ಮೂಲ ಸಂಖ್ಯೆ ಬೆಸವಾಗಿರಲು ಸಾಧ್ಯವಿಲ್ಲ.

ಈಗ ಸಾಧನೆ. √2 ಭಾಗಲಬ್ಧ ಎಂದು ಊಹಿಸೋಣ. ಆಗ √2 = p/q ಆಗುವಂತೆ p, q ಎಂಬ ಧನ ಪೂರ್ಣಾಂಕಗಳಿವೆ. ಯಾವ ಭಿನ್ನರಾಶಿಯನ್ನಾದರೂ ಸಂಕ್ಷಿಪ್ತ ರೂಪಕ್ಕೆ ತರಬಹುದಾದ್ದರಿಂದ, p ಮತ್ತು q ಸಹ-ಅವಿಭಾಜ್ಯಗಳು, ಅಂದರೆ 1ನ್ನು ಬಿಟ್ಟು ಅವಕ್ಕೆ ಬೇರೆ ಸಾಮಾನ್ಯ ಅಪವರ್ತನವಿಲ್ಲ ಎಂದು ತೆಗೆದುಕೊಳ್ಳೋಣ.

p = √2 q
p² = 2q² …(1)

p² ಸಮ, ಆದ್ದರಿಂದ p ಸಮ. p = 2c ಎಂದಿರಲಿ. (1)ರಲ್ಲಿ ಆದೇಶಿಸಿದರೆ

4c² = 2q²
q² = 2c²

q² ಸಮ, ಆದ್ದರಿಂದ q ಕೂಡ ಸಮ. ಅಂದರೆ p, q ಎರಡನ್ನೂ 2 ಭಾಗಿಸುತ್ತದೆ. ಇದು ಅವು ಸಹ-ಅವಿಭಾಜ್ಯಗಳು ಎಂಬುದಕ್ಕೆ ವಿರುದ್ಧ. ಆದ್ದರಿಂದ ನಮ್ಮ ಊಹೆ ತಪ್ಪು. √2 ಅಭಾಗಲಬ್ಧ ಸಂಖ್ಯೆ.

ಉತ್ತರಪತ್ರಿಕೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು 'ಸಹ-ಅವಿಭಾಜ್ಯ' ಎಂಬ ಮಾತು. ಅದಿಲ್ಲದೆ ಕೊನೆಯ ಸಾಲಿಗೆ ಬಲವೇ ಇಲ್ಲ. p, q ಎರಡೂ ಸಮವಾದರೆ ಏನಂತೆ, 6/4ರಲ್ಲೂ ಹಾಗೇ ಇದೆಯಲ್ಲ! ಆ ಮಾತು ಹೇಳದೆಯೂ ಸಾಧಿಸಬಹುದು, ಆದರೆ ಇನ್ನೊಂದು ವಾದ ಬೇಕಾಗುತ್ತದೆ: p, q ಎರಡನ್ನೂ ಅರ್ಧ ಮಾಡಿದರೆ ಬರುವ ಸಂಖ್ಯೆಗಳೂ (1)ನ್ನು ಪಾಲಿಸುತ್ತವೆ, ಹಾಗಾಗಿ ಅವೂ ಸಮ, ಅವುಗಳ ಅರ್ಧವೂ ಸಮ, ಹೀಗೇ ಕೊನೆಯಿಲ್ಲದೆ. ಧನ ಪೂರ್ಣಾಂಕವನ್ನು ಹಾಗೆ ಅರ್ಧ ಮಾಡುತ್ತಲೇ ಹೋಗಲಾಗದು. ಪರೀಕ್ಷೆಗೆ ಮೊದಲ ದಾರಿಯೇ ಚಿಕ್ಕದು.

ಇನ್ನೊಂದು ಎಡವಟ್ಟು: 'p² ಸಮ, ಆದ್ದರಿಂದ p ಸಮ' ಎಂಬುದನ್ನು 2ರ ಬದಲು ಯಾವ ಭಾಜಕಕ್ಕಾದರೂ ಅನ್ವಯಿಸುವ ಸೂತ್ರದಂತೆ ಬಳಸುವುದು. ಇದೇ ಸಾಧನೆಯನ್ನು √4ಕ್ಕೆ ಹಚ್ಚಿ ನೋಡಿ. p² = 4q² ಬರುತ್ತದೆ. 'p²ನ್ನು 4 ಭಾಗಿಸುತ್ತದೆ, ಆದ್ದರಿಂದ pಯನ್ನೂ 4 ಭಾಗಿಸುತ್ತದೆ' ಎಂದು ಬರೆದುಬಿಟ್ಟರೆ √4 ಕೂಡ ಅಭಾಗಲಬ್ಧ ಎಂದು 'ಸಾಧಿಸಿದಂತಾಗುತ್ತದೆ'! ಆದರೆ √4 = 2. ತಪ್ಪಿದ್ದು ಎಲ್ಲಿ? 6² = 36ನ್ನು 4 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. 2 ಅವಿಭಾಜ್ಯ, 4 ಅಲ್ಲ. ವರ್ಗದಿಂದ ಮೂಲಕ್ಕೆ ಇಳಿಯುವ ಹೆಜ್ಜೆಗೆ ಆಧಾರ ಅದೇ. √4ರಲ್ಲಿ ನ್ಯಾಯವಾಗಿ ಸಿಗುವುದು 'p ಸಮ' ಎಂಬುದಷ್ಟೇ. p = 2c ಹಾಕಿದರೆ c² = q², ಅಂದರೆ c = q, p/q = 2. ಎಲ್ಲಿಯೂ ವೈರುಧ್ಯವಿಲ್ಲ.

√3ಕ್ಕೆ ಬಂದಾಗ ಸಮ-ಬೆಸ ಕೆಲಸಕ್ಕೆ ಬರುವುದಿಲ್ಲ, 3ರಿಂದ ಭಾಗಿಸಿದಾಗಿನ ಶೇಷ ನೋಡಬೇಕು. p = 3k + 1 ಆದರೆ p² = 3(3k² + 2k) + 1; p = 3k + 2 ಆದರೆ p² = 3(3k² + 4k + 1) + 1. ಎರಡರಲ್ಲೂ ಶೇಷ 1. ಹಾಗಾಗಿ p²ನ್ನು 3 ಭಾಗಿಸಿದರೆ pಯನ್ನೂ ಭಾಗಿಸಲೇಬೇಕು. ಉಳಿದ ಸಾಲುಗಳಲ್ಲಿ 2 ಇದ್ದಲ್ಲಿ 3, 4 ಇದ್ದಲ್ಲಿ 9, 'ಸಮ' ಇದ್ದಲ್ಲಿ '3ರಿಂದ ಭಾಗವಾಗುತ್ತದೆ' ಎಂದು ಬರೆದು, p = 3c ಎಂದು ಇಟ್ಟು ಮುಗಿಸಿ.