ಪೂರೈಕೆದಾರರ ಮಾಸಿಕ ಅಂಕಪಟ್ಟಿ: ಬೇರಿಂಗ್ ಪೂರೈಕೆದಾರ, ಸಂಕೇತ 14, ಏಪ್ರಿಲ್–ಜೂನ್

| ತಿಂಗಳು | ಪಿ.ಒ. ಸಾಲುಗಳು | ಸಕಾಲಕ್ಕೆ ಬಂದವು | ಬಂದ ನಗ | ತಿರಸ್ಕೃತ ನಗ |
|---|---|---|---|---|
| ಏಪ್ರಿಲ್ | 20 | 19 (95%) | 4,000 | 40 (1.0%) |
| ಮೇ | 25 | 22 (88%) | 5,000 | 60 (1.2%) |
| ಜೂನ್ | 24 | 18 (75%) | 4,800 | 168 (3.5%) |
| ಒಟ್ಟು | 69 | 59 (85.5%) | 13,800 | 268 (1.9%) |

ಖರೀದಿ ಆದೇಶದಲ್ಲಿ ಒಪ್ಪಿಕೊಂಡ ದಿನಾಂಕದೊಳಗೆ ಸಾಲಿನ ಪೂರ್ಣ ಪ್ರಮಾಣ ಗೇಟಿನಲ್ಲಿ ದಾಖಲಾದರೆ ಮಾತ್ರ ಅದನ್ನು ಸಕಾಲವೆಂದು ಎಣಿಸಲಾಗಿದೆ. ನಾವೇ ಮುಂದೂಡಿದ ಆದೇಶಗಳಿಗೆ ಪರಿಷ್ಕೃತ ದಿನಾಂಕವನ್ನು ಹಿಡಿಯಲಾಗಿದೆ. ಒಟ್ಟು ಶೇಕಡಾವಾರು ತಿಂಗಳುಗಳ ಸರಾಸರಿಯಲ್ಲ, ಮೂಲ ಸಂಖ್ಯೆಗಳಿಂದಲೇ ಲೆಕ್ಕ ಹಾಕಿದ್ದು.

ಜೂನ್‌ನಲ್ಲಿ ತಡವಾದ 6 ಸಾಲುಗಳ ಪೈಕಿ 4 ಒಂದೇ ಅಳತೆಯ ಬೇರಿಂಗಿನವು. ತಿರಸ್ಕೃತ 168ರಲ್ಲಿ 130 ನಗಗಳು ಒಂದೇ ಲಾಟಿನವಾಗಿದ್ದು, ಅವುಗಳ ಒಳವ್ಯಾಸವು ನಕ್ಷೆಯ ಮಿತಿಯನ್ನು ಮೀರಿತ್ತು. ಆ ಲಾಟನ್ನು ಬಿಟ್ಟರೆ ಉಳಿದ ದೋಷಗಳ ಸಂಖ್ಯೆ ಹಿಂದಿನ ತಿಂಗಳುಗಳಿಗಿಂತ ಹೆಚ್ಚಿಲ್ಲ. ಆದ್ದರಿಂದ ಗುಣಮಟ್ಟಕ್ಕಿಂತ ವಿಳಂಬವೇ ನಮಗೆ ಹೆಚ್ಚು ಚಿಂತೆಯ ವಿಷಯ, ಏಕೆಂದರೆ ಅದು ಮೂರು ತಿಂಗಳಿಂದಲೂ ಏರುತ್ತಲೇ ಬಂದಿದೆ.

ಶ್ರೇಣಿಯನ್ನು ‘ಎ’ಯಿಂದ ‘ಬಿ’ಗೆ ಇಳಿಸಲಾಗಿದೆ. ವಿಳಂಬದ ಕಾರಣ ಹಾಗೂ ಒಳವ್ಯಾಸದ ಸರಿಪಡಿಕೆ ಕ್ರಮವನ್ನು ಜುಲೈ 15ರೊಳಗೆ ಲಿಖಿತವಾಗಿ ಸಲ್ಲಿಸುವಂತೆ ಪೂರೈಕೆದಾರರನ್ನು ಕೋರಲಾಗಿದೆ. ಅಲ್ಲಿಯವರೆಗೆ ಒಳವ್ಯಾಸದ ದೋಷ ಕಂಡ ಅಳತೆಯ ಪ್ರತಿ ಲಾಟನ್ನೂ ಪೂರ್ಣವಾಗಿ ತಪಾಸಣೆ ಮಾಡಲಾಗುವುದು.