ಹಾಳಾದ ಜೋಧಪುರಿ ಕೋಟಿಗೆ ಪರಿಹಾರ ಕೇಳಿ ಡ್ರೈ ಕ್ಲೀನಿಂಗ್ ಅಂಗಡಿಗೆ ಪತ್ರ

ಕಲಬುರಗಿ
ದಿನಾಂಕ: 17-11-2025
(ಸ್ಪೀಡ್ ಪೋಸ್ಟ್ ಮೂಲಕ)

ಇವರಿಗೆ,
ಮಾಲೀಕರು,
ಡ್ರೈ ಕ್ಲೀನಿಂಗ್ ಅಂಗಡಿ,
ಸೂಪರ್ ಮಾರ್ಕೆಟ್, ಕಲಬುರಗಿ

ವಿಷಯ: ರಸೀದಿ ಸಂಖ್ಯೆ 4172, ಕೆನೆ ಬಣ್ಣದ ಉಣ್ಣೆಯ ಜೋಧಪುರಿ ಕೋಟು ಹಾಳಾದ ಬಗ್ಗೆ ₹23,530 ಪರಿಹಾರ

ಮಾನ್ಯರೇ,

06-11-2025ರಂದು ನಿಮ್ಮ ಅಂಗಡಿಗೆ ಕೊಟ್ಟ ಕೋಟನ್ನು 12ರಂದು ವಾಪಸ್ ಪಡೆದೆ. ಕೌಂಟರಿನಲ್ಲೇ ಬಿಚ್ಚಿ ನೋಡಿ, ಹಾಳಾಗಿರುವುದನ್ನು ನಿಮ್ಮ ಕೆಲಸದವರಿಗೆ ತೋರಿಸಿದೆ. “ಉಣ್ಣಿ ಬಟ್ಟಿ ಹಿಂಗೇ ಆಗ್ತದ್ರೀ, ನಾವೇನ್ ಮಾಡೋದು” ಎಂಬ ಉತ್ತರ ಬಂತು. ಅದು ಬಟ್ಟೆಯ ದೋಷವಲ್ಲ. ಕೋಟನ್ನು ಡ್ರೈ ಕ್ಲೀನ್ ಮಾಡದೆ ನೀರಿಗೆ ಹಾಕಲಾಗಿದೆ. ಹಾಗೆ ಹೇಳಲು ನನ್ನ ಬಳಿ ಮೂರು ಆಧಾರಗಳಿವೆ, ಅದರಲ್ಲಿ ಎರಡು ನಿಮ್ಮವೇ.

ಮೊದಲನೆಯದು ಒಳಜೇಬಿನ ಕೆಳಗೆ ಹೊಲಿದಿರುವ ಕೇರ್ ಲೇಬಲ್. ಹೊರಬಟ್ಟೆ 70% ಉಣ್ಣೆ, 30% ಪಾಲಿಯೆಸ್ಟರ್, ಅಸ್ತರ 100% ವಿಸ್ಕೋಸ್ ಎಂದು ಅದರಲ್ಲಿದೆ. ನೀರಿನ ತೊಟ್ಟಿಯ ಗುರುತಿನ ಮೇಲೆ ಕಾಟು ಹೊಡೆದಿದೆ, ಅಂದರೆ ನೀರಿನಲ್ಲಿ ತೊಳೆಯಬಾರದು. ವೃತ್ತದೊಳಗೆ ‘ಪಿ’ ಅಕ್ಷರ, ಅದರ ಕೆಳಗೆ ಒಂದು ಗೆರೆ: ಪರ್ಕ್ಲೋರೋಎಥಿಲೀನ್‌ನಲ್ಲಿ, ಅದೂ ಮೃದು ಸೈಕಲ್‌ನಲ್ಲಿ ಮಾತ್ರ. ಇಸ್ತ್ರಿಗೆ ಎರಡು ಚುಕ್ಕೆ. ಈ ಕಸುಬಿನವರಿಗೆ ಇದನ್ನು ಓದಿ ಹೇಳಬೇಕಾಗಿಲ್ಲ.

ಎರಡನೆಯದು ನಿಮ್ಮ ರಸೀದಿ. “ಜೋಧಪುರಿ ಕೋಟ್ 1, ಡ್ರೈ ಕ್ಲೀನ್, ₹450” ಎಂದು ಬರೆದು ಹಣ ತೆಗೆದುಕೊಂಡಿದ್ದೀರಿ. ಷರಾ ಕಾಲಮ್ಮಿನಲ್ಲಿ “ಕಾಲರ್ ಬೆವರಿನ ಕಲೆ” ಎಂದಷ್ಟೇ ಇದೆ. ಕುಗ್ಗಿದ್ದು, ಬಣ್ಣ ಬಿಟ್ಟಿದ್ದು, ಗುಳ್ಳೆ ಎದ್ದಿದ್ದು ಯಾವುದೂ ಅಲ್ಲಿಲ್ಲ. ಮೊದಲೇ ಇದ್ದಿದ್ದರೆ ಕಲೆ ಬರೆದ ಕೈಯೇ ಅದನ್ನೂ ಬರೆಯುತ್ತಿತ್ತು.

ಮೂರನೆಯದು ಗುಂಡಿಯ ಕಾಜಿಗೆ ಸ್ಟೇಪಲ್ ಮಾಡಿದ ನಿಮ್ಮ ಟ್ಯಾಗ್. ಅದರ ಮೇಲೂ 4172 ಇದೆ, ಹಾಗಾಗಿ ಬಟ್ಟೆ ಅದಲುಬದಲಾಯಿತು ಎನ್ನುವಂತಿಲ್ಲ. ಆದರೆ ಸಂಖ್ಯೆಯ ಪಕ್ಕ ‘ಡಿ.ಸಿ.’ ಬದಲು ‘ವಾಶ್’ ಎಂದು ಬರೆದಿದೆ. ಕೌಂಟರಿನಲ್ಲಿ ಬರೆದದ್ದು ಒಂದು, ಒಳಗೆ ಯಂತ್ರದ ಹತ್ತಿರ ಹೋದದ್ದು ಇನ್ನೊಂದು. ಟ್ಯಾಗನ್ನು ಕಿತ್ತಿಲ್ಲ, ಸ್ಟೇಪಲ್ ಸಮೇತ ಹಾಗೇ ಇದೆ.

ಕೋಟಿನ ಸ್ಥಿತಿಯೂ ಅದನ್ನೇ ಹೇಳುತ್ತದೆ. ಕೊಂಡಾಗ ಮಾಡಿಸಿದ ಆಲ್ಟರೇಶನ್ ಚೀಟಿಯ ಪ್ರಕಾರ ತೋಳು 25 ಇಂಚು, ಉದ್ದ 30 ಇಂಚು. ಈಗ ತೋಳು 23½, ಉದ್ದ 28½. ನೀರು, ಬಿಸಿ, ತಿರುಗಾಟ ಮೂರೂ ಸೇರಿದಾಗ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಂತೆ ದಪ್ಪಗಾಗುತ್ತದೆ. ಪರ್ಕ್‌ನಲ್ಲಿ ಈ ಪ್ರಮಾಣದಲ್ಲಿ ಹೀಗಾಗುವುದಿಲ್ಲ. ಮೇಲಿನ ಬಟ್ಟೆ ಕುಗ್ಗಿ ಒಳಗಿನ ಫ್ಯೂಸಿಂಗ್ ಕುಗ್ಗದ್ದರಿಂದ ಅಂಟು ಬಿಟ್ಟು, ಎದೆಯ ಎರಡೂ ಬದಿ ಗುಳ್ಳೆ ಎದ್ದಿವೆ. ಅಸ್ತರದ ಮರೂನ್ ಬಣ್ಣ ಒದ್ದೆಯಾಗಿ ತೋಳಿನ ಅಂಚಿಗೂ ಕೆಳಮಡಿಕೆಗೂ ಹತ್ತಿದೆ.

ಸ್ಟೀಮ್ ಕೊಟ್ಟು ಎಳೆದು ಸರಿಮಾಡಿ ಕೊಡುತ್ತೇವೆ ಎಂದು ನಿಮ್ಮವರು ಹೇಳಿದ್ದರು. ಒಪ್ಪಿಗೆಯಿಲ್ಲ. ಹೀಗೆ ಗಟ್ಟಿಯಾದ ಉಣ್ಣೆ ಮೊದಲಿನಂತಾಗದು, ಎಳೆದರೆ ಆಕಾರ ಕೆಡುತ್ತದೆ, ಸಾಕ್ಷಿಯೂ ಅಳಿಯುತ್ತದೆ. ಕೋಟು ನೋಡಬೇಕೆಂದರೆ ಸಮಯ ತಿಳಿಸಿ, ಅಂಗಡಿಗೇ ತಂದು ತೋರಿಸುತ್ತೇನೆ, ಇಟ್ಟುಹೋಗುವುದಿಲ್ಲ.

ರಸೀದಿಯ ಹಿಂಬದಿಯಲ್ಲಿ “ಹಾನಿಯಾದರೆ ಚಾರ್ಜಿನ ಐದು ಪಟ್ಟು ಮಾತ್ರ” ಎಂದು ಸಣ್ಣಕ್ಷರದಲ್ಲಿದೆ. ಆ ಲೆಕ್ಕಕ್ಕೆ ₹2,250 ಆಗುತ್ತದೆ. ಆ ಷರತ್ತನ್ನು ನನಗೆ ಓದಿ ಹೇಳಿಲ್ಲ, ನನ್ನ ಸಹಿಯೂ ಅಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂಬದಿಯಲ್ಲಿ ನೀವೇ ಬರೆದುಕೊಟ್ಟ ಕೆಲಸ ಮಾಡದೆ ಬೇರೆ ಕೆಲಸ ಮಾಡಿದವರಿಗೆ ಹಿಂಬದಿಯ ಸಾಲು ರಕ್ಷಣೆಯಾಗದು.

ನನ್ನ ಲೆಕ್ಕ ಹೀಗಿದೆ. ಸೋಲಾಪುರದ ಅಂಗಡಿಯ ಬಿಲ್ಲಿನಂತೆ ಕೋಟಿನ ಬೆಲೆ ₹26,800, ಖರೀದಿ 09-02-2025. ಎರಡು ಮದುವೆಗೆ ಉಟ್ಟಿದ್ದರಿಂದ ಸವಕಳಿಯೆಂದು 15%, ಅಂದರೆ ₹4,020 ನಾನೇ ಕಳೆದಿದ್ದೇನೆ. ಉಳಿದ ₹22,780ಕ್ಕೆ ನಿಮಗೆ ಕೊಟ್ಟ ₹450, ಟೇಲರ್‌ನಿಂದ ಅಳತೆ ಮತ್ತು ದೋಷಗಳನ್ನು ಬರೆಸಿದ ₹300 ಸೇರಿ ಒಟ್ಟು ₹23,530. ಹಣ ಬಂದ ದಿನವೇ ಕೋಟನ್ನು ನಿಮಗೆ ಒಪ್ಪಿಸಿ ರಸೀದಿ ಬರೆದುಕೊಡುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಚೆಕ್ ಅಥವಾ ಯುಪಿಐ ಮೂಲಕ ಪಾವತಿಸಿ. ಇಲ್ಲವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(11)ರ ಸೇವಾ ನ್ಯೂನತೆಯೆಂದು, ಕಲಂ 35ರಡಿ ಕಲಬುರಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಈ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಅಲ್ಲಿ ಮಾನಸಿಕ ಕಿರಿಕಿರಿ ಮತ್ತು ದಾವೆಯ ಖರ್ಚನ್ನೂ ಕೇಳುತ್ತೇನೆ. ಈ ಪತ್ರದಲ್ಲಿ ಅವನ್ನು ಸೇರಿಸಿಲ್ಲ.

ಇಂತಿ,
ರಸೀದಿ ಸಂಖ್ಯೆ 4172ರ ಗ್ರಾಹಕ
(ಸಹಿ)

ಲಗತ್ತು (ಎಲ್ಲವೂ ನಕಲು): ರಸೀದಿಯ ಎರಡೂ ಬದಿ, ಟ್ಯಾಗ್ ಕಾಜಿನಲ್ಲಿರುವಾಗಲೇ ತೆಗೆದ ಫೋಟೊ, ಕೇರ್ ಲೇಬಲ್ ಫೋಟೊ, ಅಳತೆ ಟೇಪ್ ಇಟ್ಟು ತೆಗೆದ ನಾಲ್ಕು ಫೋಟೊ, ಖರೀದಿ ಬಿಲ್, ಆಲ್ಟರೇಶನ್ ಚೀಟಿ, ಟೇಲರ್ ಬರಹ ಮತ್ತು ಅದರ ₹300 ರಸೀದಿ.