ವಿಷಯ: ಡಿಸೆಂಬರ್ 13 ಶನಿವಾರ ರಾತ್ರಿ ಕಾಲೇಜು ಗ್ರೌಂಡಲ್ಲಿ ಉಲ್ಕಾಪಾತ ನೋಡೋ ಕಾರ್ಯಕ್ರಮಕ್ಕೆ ಪರ್ಮಿಷನ್ ಕೋರಿ

ಮಾನ್ಯ ಪ್ರಿನ್ಸಿಪಾಲ್ ಮೇಡಂ ಅವರಿಗೆ,

ನಮಸ್ಕಾರ ಮೇಡಂ. ನಾವು ನಮ್ಮ ಕಾಲೇಜಿನ ವಿಜ್ಞಾನ ಸಂಘದವರು. ಬುಧವಾರ ಕಾರಿಡಾರಲ್ಲಿ ಸಿಕ್ಕಾಗ ಈ ವಿಷಯ ಹೇಳಿದ್ವಿ, ನೀವು "ಬಾಯಲ್ಲಿ ಹೇಳಿದ್ರೆ ಆಗಲ್ಲ, ಎಲ್ಲಾ ಬರೆದು ಮೇಲ್ ಮಾಡಿ, ರಾತ್ರಿ ಕಾರ್ಯಕ್ರಮ ಅಂದ್ರೆ ನಾನು ನಾಲ್ಕು ಜನಕ್ಕೆ ಉತ್ತರ ಕೊಡ್ಬೇಕು" ಅಂದ್ರಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತಿದೀವಿ, ಬೇಜಾರ್ ಮಾಡ್ಕೋಬೇಡಿ.

ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಜೆಮಿನಿಡ್ ಉಲ್ಕಾಪಾತ ಬರುತ್ತೆ. ಫೇಥಾನ್ ಅಂತ 1983ರಲ್ಲಿ ಪತ್ತೆಯಾದ ಒಂದು ಕ್ಷುದ್ರಗ್ರಹ ಇದೆ, ಅದು ಉದುರಿಸಿಕೊಂಡು ಹೋದ ಧೂಳಿನ ಹಾದಿಗೆ ಭೂಮಿ ಆ ಸಮಯಕ್ಕೆ ಸರಿಯಾಗಿ ನುಗ್ಗುತ್ತೆ, ಆ ಕಣಗಳು ಸೆಕೆಂಡಿಗೆ 35 ಕಿಲೋಮೀಟರ್ ಸ್ಪೀಡಲ್ಲಿ ನಮ್ಮ ವಾತಾವರಣಕ್ಕೆ ಬಂದು ಮೇಲೇ ಉರಿದು ಹೋಗ್ತವೆ. ಪೂರ್ತಿ ಕತ್ತಲಿರೋ ಜಾಗದಲ್ಲಿ ಗಂಟೆಗೆ ನೂರಕ್ಕೂ ಮೇಲೆ ಕಾಣ್ಬಹುದು ಅಂತಾರೆ. ನಮ್ಮ ಚಳ್ಳಕೆರೆ ಟೌನಿನ ಲೈಟಲ್ಲಿ ಅಷ್ಟು ಕಾಣಲ್ಲ ಬಿಡಿ, ಅದರ ಕಾಲುಭಾಗ ಕಂಡ್ರೂ ನಮಗೆ ಹಬ್ಬ.

ಈ ವರ್ಷವೇ ಯಾಕೆ ಅಂತ ಕೇಳಿದ್ರಿ. 13ನೇ ತಾರೀಕು ಎರಡನೇ ಶನಿವಾರ, ಮಾರನೇ ದಿನ ಭಾನುವಾರ, ಹಾಗಾಗಿ ಯಾವ ಕ್ಲಾಸೂ ಹಾಳಾಗಲ್ಲ. ಚಂದ್ರ ಇದ್ರೆ ಉಲ್ಕೆ ಮಂಕಾಗುತ್ತೆ, ಆದ್ರೆ ಅವತ್ತು ಚಂದ್ರ ಹುಟ್ಟೋದೇ ರಾತ್ರಿ ಒಂದು ಗಂಟೆ ಆದ್ಮೇಲೆ, ಅಷ್ಟೊತ್ತಿಗೆ ನಮ್ಮ ಕೆಲ್ಸ ಮುಗಿದಿರುತ್ತೆ. ಜೊತೆಗೆ ಗುರುಗ್ರಹ ಈಗ ಮಿಥುನ ರಾಶಿಯಲ್ಲೇ ಇದೆ, ಎಂಟು ಗಂಟೆ ಹೊತ್ತಿಗೆ ಪೂರ್ವದಲ್ಲಿ ಮೇಲೆ ಬರುತ್ತೆ, ಅದರ ನಾಲ್ಕು ದೊಡ್ಡ ಉಪಗ್ರಹಗಳನ್ನ ಫಿಸಿಕ್ಸ್ ಲ್ಯಾಬಿನ ಟೆಲಿಸ್ಕೋಪಲ್ಲೇ ನೋಡ್ಬಹುದು. ಶನಿ ಕೂಡ ಸಂಜೆಯಿಂದ ಇರುತ್ತೆ, ಈ ಸಲ ಅದರ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿರೋದ್ರಿಂದ ಬರೀ ಒಂದು ಗೆರೆ ಥರ ಕಾಣುತ್ತೆ, ಇದು ಸುಮಾರು 15 ವರ್ಷಕ್ಕೊಮ್ಮೆ ಆಗೋದು. ಆ ಟೆಲಿಸ್ಕೋಪ್ ಮೇಡಂ, ನಾವು ಸೇರಿದಾಗಿಂದ ಕಪಾಟಲ್ಲೇ ಇದೆ, ಸ್ಟಾಕ್ ವೆರಿಫಿಕೇಷನ್ ದಿನ ಮಾತ್ರ ಹೊರಗೆ ಬರುತ್ತೆ. ಎಚ್‌ಓಡಿ ಸರ್ ಅದನ್ನ ಕೊಡೋಕೆ ಒಪ್ಪಿದಾರೆ, ರಾತ್ರಿ ಪೂರ್ತಿ ತಾವೇ ಇರ್ತೀನಿ ಅಂತಾನೂ ಹೇಳಿದಾರೆ. ಇನ್ನೊಂದು ಏನಂದ್ರೆ ನಮ್ಮಲ್ಲಿ ಮುಕ್ಕಾಲು ಪಾಲು ರೈತರ ಮನೆ ಮಕ್ಕಳು, ಆರಿದ್ರ ಮಳೆ, ಪುನರ್ವಸು ಮಳೆ ಅಂತ ಮನೇಲಿ ದಿನಾ ಕೇಳ್ತೀವಿ, ಆದ್ರೆ ಆರಿದ್ರ ನಕ್ಷತ್ರ ಯಾವುದು ತೋರ್ಸಪ್ಪ ಅಂದ್ರೆ ಒಬ್ಬರಿಗೂ ಗೊತ್ತಿಲ್ಲ, ಅವತ್ತು ಎರಡೂ ಆಕಾಶದಲ್ಲಿ ಇರ್ತವೆ.

ಟೈಮು ಸಂಜೆ 7ರಿಂದ ರಾತ್ರಿ 12:30. ಮೊದಲು ಶನಿ, ಆಮೇಲೆ ಸರ್ ಅರ್ಧ ಗಂಟೆ ನಕ್ಷತ್ರ ಗುರುತಿಸೋದು ಹೇಳಿಕೊಡ್ತಾರೆ, ಊಟ, ಒಂಬತ್ತೂವರೆ ಮೇಲೆ ಜಮಖಾನ ಹಾಸ್ಕೊಂಡು ಮಲಗಿ ಮೇಲೆ ನೋಡೋದು ಅಷ್ಟೇ. ಮೈಕು, ಡಿಜೆ, ಸ್ಟೇಜು, ಹಾರ ತುರಾಯಿ ಏನೂ ಇಲ್ಲ, ಬೆಂಕಿ ಹಾಕೋದೂ ಇಲ್ಲ. 80 ಜನರ ಮೇಲೆ ಸೇರಿಸ್ಕೊಳ್ಳಲ್ಲ, ನಮ್ಮ ಕಾಲೇಜಿನವರು ಮಾತ್ರ, ಐಡಿ ಕಾರ್ಡ್ ಇಲ್ದೆ ಗೇಟಲ್ಲಿ ಬಿಡಲ್ಲ. ಮನೆಯವರು ಜೊತೆಗೆ ಬರ್ತೀವಿ ಅಂದ್ರೆ ಬರಲಿ, ಅವರ ಹೆಸರು ಮೊದಲೇ ಬರೆಸಬೇಕು.

ಈಗ ನಿಮಗೆ ನಿಜವಾಗ್ಲೂ ತಲೆನೋವಾಗಿರೋ ವಿಷಯ, ಹುಡುಗೀರು. ಸಂಘದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗೀರೇ ಇರೋದು, ಈ ಐಡಿಯಾ ತಂದಿದ್ದೂ ಸೆಕೆಂಡ್ ಬಿಎಸ್ಸಿ ಹುಡುಗೀರೇ. ಸ್ಟಾಫ್‌ರೂಮಲ್ಲಿ ಕೆಲವರು "ಹುಡುಗರಿಗೆ ಮಾತ್ರ ಇಟ್ಕೊಳ್ಳಿ, ರಿಸ್ಕ್ ಯಾಕೆ" ಅಂದ್ರು. ಹಾಗೆ ಮಾತ್ರ ಹೇಳ್ಬೇಡಿ ಮೇಡಂ, ಹಾಗಾದ್ರೆ ಕಾರ್ಯಕ್ರಮನೇ ಬೇಡ ಅಂತ ನಾವು ಮೀಟಿಂಗಲ್ಲಿ ತೀರ್ಮಾನ ಮಾಡಿದೀವಿ. ವ್ಯವಸ್ಥೆ ಹೀಗೆ ಯೋಚಿಸಿದೀವಿ: ಹುಡುಗೀರ ಹಾಸ್ಟೆಲ್ ನಮ್ಮ ಕಾಂಪೌಂಡ್ ಪಕ್ಕದಲ್ಲೇ ಇದೆ, ಹಿಂದಿನ ಗೇಟಿಂದ ಎರಡು ನಿಮಿಷ, ಕೆಮಿಸ್ಟ್ರಿ ಮೇಡಂ ಮತ್ತೆ ಲೈಬ್ರರಿ ಮೇಡಂ ಇಬ್ಬರೂ ಕೊನೇತನಕ ಇದ್ದು ಅವರೇ ಹಾಸ್ಟೆಲ್‌ಗೆ ಬಿಟ್ಟು ರಿಜಿಸ್ಟರಲ್ಲಿ ಸೈನ್ ಹಾಕಿಸ್ತಾರೆ. ವಾರ್ಡನ್ ಒಪ್ಪಿದಾರೆ, ಆದ್ರೆ ನಿಮ್ಮ ಲೆಟರ್ 5ನೇ ತಾರೀಕಿನೊಳಗೆ ಕೈಗೆ ಬರ್ಬೇಕಂತೆ. ಟೌನಲ್ಲಿರೋ ಹುಡುಗೀರನ್ನ ಅಪ್ಪ ಅಮ್ಮ ಅಥವಾ ಅಣ್ಣಂದಿರು ಬಂದು ಕರ್ಕೊಂಡು ಹೋಗ್ಬೇಕು, ಯಾರೂ ಒಬ್ಬೊಬ್ಬರೇ ಹೊರಡೋ ಹಾಗಿಲ್ಲ. ಹಳ್ಳಿಯಿಂದ ಬರೋರಿಗೆ ಆ ಹೊತ್ತಲ್ಲಿ ಬಸ್ ಇರಲ್ಲ, ಹುಡುಗೀರು ಹಾಸ್ಟೆಲ್ ಗೆಳತಿಯರ ರೂಮಲ್ಲಿ, ಹುಡುಗರು ಸೆಮಿನಾರ್ ಹಾಲಲ್ಲಿ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತಾರೆ. ಪ್ರತಿಯೊಬ್ಬರ ಮನೆಯಿಂದ ಒಪ್ಪಿಗೆ ಪತ್ರ ತಗೋತೀವಿ, ಬರೀ ಸೈನ್ ನಂಬಲ್ಲ, ಆ ನಂಬರಿಗೆ ಮೇಡಂ ಅವರೇ ಫೋನ್ ಮಾಡಿ ಕೇಳ್ತಾರೆ.

ನಿಮ್ಮಿಂದ ಬೇಕಾಗಿರೋದು ಏನಂದ್ರೆ, ಮುಖ್ಯವಾಗಿ ಕತ್ತಲು. ಗ್ರೌಂಡಿನ ಹೈಮಾಸ್ಟ್ ದೀಪ ಉರೀತಿದ್ರೆ ಈ ಕಾರ್ಯಕ್ರಮಕ್ಕೆ ಅರ್ಥವೇ ಇಲ್ಲ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದ್ಸಲ ಲೈಟ್ ಬಿದ್ರೆ ಮತ್ತೆ ಮೊದಲಿಂದ. ಹೈಮಾಸ್ಟ್ ಸ್ವಿಚ್ ನಗರಸಭೆಯವರ ಕೈಲಿದೆ ಅಂತ ವಾಚ್‌ಮ್ಯಾನ್ ಹೇಳಿದ್ರು, ಒಂಬತ್ತೂವರೆಯಿಂದ ಹನ್ನೆರಡೂವರೆ ತನಕ ಆರಿಸಿ ಅಂತ ಕಾಲೇಜಿನ ಸೀಲ್ ಇರೋ ಒಂದು ಲೆಟರ್ ಕೊಟ್ರೆ ನಾವೇ ಓಡಾಡಿ ಮಾಡಿಸ್ಕೋತೀವಿ. ಬಾತ್‌ರೂಮ್ ದಾರಿಯಲ್ಲಿ, ಗೇಟಲ್ಲಿ ಲೈಟ್ ಇದ್ದೇ ಇರುತ್ತೆ, ವಾಲಂಟಿಯರ್ಸ್ ಟಾರ್ಚಿಗೆ ಕೆಂಪು ಪೇಪರ್ ಸುತ್ತಿರ್ತೀವಿ. ಪೊಲೀಸ್ ಸ್ಟೇಷನ್ನಿಗೂ ಒಂದು ಮಾಹಿತಿ ಪತ್ರ ಬೇಕು, ರಾತ್ರಿ ಬೀಟ್‌ನವರು ಒಂದು ರೌಂಡ್ ಬಂದು ಹೋದ್ರೆ ನಮಗೂ ಧೈರ್ಯ. ಗ್ರೌಂಡಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಹಾವಿನ ಭಯ, ಹಿಂದಿನ ಭಾನುವಾರ ಎನ್‌ಎಸ್‌ಎಸ್‌ನವರ ಜೊತೆ ಸೇರಿ ಕ್ಲೀನ್ ಮಾಡ್ತೀವಿ. ಫಸ್ಟ್ ಏಡ್ ಬಾಕ್ಸು, ಒಬ್ಬ ಸ್ಟಾಫ್ ಕಾರು ಸ್ಟ್ಯಾಂಡ್‌ಬೈ ಇರುತ್ತೆ.

ದುಡ್ಡು ಕೇಳಲ್ಲ ಮೇಡಂ. ತಲೆಗೆ 50 ರೂಪಾಯಿ ಹಾಕ್ಕೋತೀವಿ, ಕ್ಯಾಂಟೀನ್ ಅಣ್ಣ ಚಿತ್ರಾನ್ನ, ಮಂಡಕ್ಕಿ, ಎರಡು ಸಲ ಟೀ ಅಷ್ಟರಲ್ಲೇ ಕೊಡ್ತೀನಿ ಅಂದಿದಾರೆ. ಸ್ಟೋರಲ್ಲಿರೋ ಜಮಖಾನ ಕೊಡೋಕೆ ಮಾತ್ರ ಹೇಳಿಬಿಡಿ.

ಮೋಡ ಆದ್ರೆ ಅವತ್ತು ಸಂಜೆ ನಾಲ್ಕಕ್ಕೇ ಕ್ಯಾನ್ಸಲ್ ಅಂತ ಗ್ರೂಪಲ್ಲಿ ಹಾಕಿ, ಹಳ್ಳಿಯವರಿಗೆ ಫೋನ್ ಮಾಡ್ತೀವಿ. 14ರ ರಾತ್ರೀನೂ ಚೆನ್ನಾಗೇ ಕಾಣುತ್ತೆ, ಆದ್ರೆ ಸೋಮವಾರ ಕ್ಲಾಸ್ ಇರೋದ್ರಿಂದ ಮುಂದಕ್ಕೆ ಹಾಕಿ ಅಂತ ಕೇಳಲ್ಲ.

ಹೆಸರಿನ ಲಿಸ್ಟು, ಒಪ್ಪಿಗೆ ಪತ್ರದ ನಮೂನೆ, ಡ್ಯೂಟಿ ಚಾರ್ಟು ಇದರ ಜೊತೆ ಅಟ್ಯಾಚ್ ಮಾಡಿದೀವಿ, ನಗರಸಭೆ ಮತ್ತೆ ಸ್ಟೇಷನ್ ಲೆಟರುಗಳ ಡ್ರಾಫ್ಟ್ ಕೂಡ ಇದೆ, ತಿದ್ದೋದಿದ್ರೆ ತಿದ್ದಿ. ಸೋಮವಾರ 1ನೇ ತಾರೀಕು 11 ಗಂಟೆಗೆ ಎಚ್‌ಓಡಿ ಸರ್ ಜೊತೆ ನಿಮ್ಮ ಚೇಂಬರಿಗೆ ಬರ್ತೀವಿ, ಬೇರೆ ಟೈಮ್ ಆದ್ರೆ ಒಂದು ಮಾತು ತಿಳಿಸಿ ಮೇಡಂ. ಆಗ ನೀವೂ ಅವತ್ತು ಬರ್ತೀರಾ ಅಂತ ಕೇಳೋದಿದೆ, ಸ್ವೆಟರ್ ಹಾಕ್ಕೊಂಡು ಬನ್ನಿ, ಚಳಿ ಜೋರಿರುತ್ತೆ.

ಇಂತಿ ನಿಮ್ಮ ವಿದ್ಯಾರ್ಥಿಗಳು,
ನಂದಿನಿ, ಕಾರ್ಯದರ್ಶಿ, ಫೈನಲ್ ಬಿಎಸ್ಸಿ
ಚೇತನ್, ಜಂಟಿ ಕಾರ್ಯದರ್ಶಿ, ಸೆಕೆಂಡ್ ಬಿಎಸ್ಸಿ
ವಿಜ್ಞಾನ ಸಂಘ
28 ನವೆಂಬರ್ 2025